ದಿನಾ ಬೆವರು ಸುರಿಸಿ ಓಡುವವರಿಗೇ ಪದೇ ಪದೇ ಶೀತ ಯಾಕೆ?

ಪೊಲೀಸ್, ಸೇನೆ ಸೇರಲು ತಯಾರಿ ನಡೆಸುವ ಯುವಕರ ಗುಂಪುಗಳಲ್ಲಿ ಎರಡು ಬಗೆಯ ಮಾತು ಓಡಾಡುತ್ತಿರುತ್ತದೆ. "ವ್ಯಾಯಾಮ ಮಾಡುವವರಿಗೆ ಶೀತವೇ ಬರುವುದಿಲ್ಲ" ಎನ್ನುವುದು ಒಂದು. "ಜಾಸ್ತಿ ಓಡಿದರೆ ರೋಗನಿರೋಧಕ ಶಕ್ತಿಯೇ ಹೋಗುತ್ತದೆ" ಎನ್ನುವುದು ಇನ್ನೊಂದು. ಎರಡೂ ಪೂರ್ತಿ ಸರಿಯಲ್ಲ. ಹಾಗಾದರೆ ನಿಜ ಏನು? ನೋಡೋಣ.

ಸಂಶೋಧನೆ ಏನು ಹೇಳುತ್ತದೆ?

ಈ ಚರ್ಚೆಯಲ್ಲಿ ಹೆಚ್ಚು ಕೇಳಿಬರುವುದು 1987ರ ಲಾಸ್ ಏಂಜಲೀಸ್ ಮ್ಯಾರಥಾನ್. ಡೇವಿಡ್ ನೀಮನ್ ತಂಡ ಅಲ್ಲಿ ಓಡಿದವರನ್ನು, ಅಷ್ಟೇ ತಯಾರಾಗಿದ್ದರೂ ಓಡದವರ ಜೊತೆ ಹೋಲಿಸಿತು. ಮುಂದಿನ ಒಂದು ವಾರದಲ್ಲಿ ಓಡಿದವರಲ್ಲಿ ಸುಮಾರು 13 ಶೇಕಡಾ ಜನ, ಓಡದವರಲ್ಲಿ ಸುಮಾರು 2 ಶೇಕಡಾ ಜನ ಶೀತ, ಗಂಟಲು ನೋವು ಎಂದರು. ಆದರೆ ಇದು ಓಟಗಾರರೇ ಹೇಳಿದ ಲೆಕ್ಕ, ಲ್ಯಾಬ್ ಪರೀಕ್ಷೆಯಲ್ಲ. ಜನಜಂಗುಳಿ, ಪ್ರಯಾಣ, ನಿದ್ದೆಗೇಡು, ಆತಂಕ ಎಲ್ಲವೂ ಆ ದಿನ ಒಟ್ಟಿಗೇ ಇದ್ದವು. ಹಾಗಾಗಿ ಓಟವೊಂದನ್ನೇ ದೂರುವುದು ಸರಿಯಲ್ಲ ಎಂದು ಇಂದು ಹಲವು ವಿಜ್ಞಾನಿಗಳು ವಾದಿಸುತ್ತಾರೆ. ಮಿತವಾದ ವ್ಯಾಯಾಮದಿಂದ ದೇಹಕ್ಕೆ ಒಳ್ಳೆಯದೇ. ತೊಂದರೆ ಶುರುವಾಗುವುದು ಕಠಿಣ ತರಬೇತಿಯ ಜೊತೆ ಕಡಿಮೆ ನಿದ್ದೆ, ಕಡಿಮೆ ಊಟ ಮತ್ತು ಒತ್ತಡ ಸೇರಿದಾಗ.

ಒಂದು ಉದಾಹರಣೆ ನೋಡೋಣ

ಶಿವಮೊಗ್ಗದ ಆಲ್ಕೊಳದ 22 ವರ್ಷದ ಯುವಕನೊಬ್ಬನನ್ನು ಊಹಿಸಿಕೊಳ್ಳಿ. ಕಾನ್‌ಸ್ಟೇಬಲ್ ಹುದ್ದೆಗಾಗಿ 1600 ಮೀಟರ್ ಓಟವನ್ನು ಆರೂವರೆ ನಿಮಿಷದೊಳಗೆ ಮುಗಿಸಲು ತಯಾರಿ ನಡೆಸುತ್ತಿದ್ದಾನೆ. ರಾತ್ರಿ ಹನ್ನೊಂದೂವರೆಯವರೆಗೆ ಓದು, ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಬರೀ ಕಾಫಿ ಕುಡಿದು ಓಟ, ಹತ್ತು ಗಂಟೆಗೆ ತಿಂಡಿ, ಸಂಜೆ ಮತ್ತೆ ಓಟ. ವಾರದಲ್ಲಿ ಒಂದು ದಿನವೂ ರಜೆ ಇಲ್ಲ. ಎರಡು ತಿಂಗಳಲ್ಲಿ ಮೂರು ಸಲ ಶೀತ. ವಯಸ್ಕರಿಗೆ ವರ್ಷಕ್ಕೇ ಎರಡು ಮೂರು ಸಲ ಶೀತ ಆಗುವುದು ಸಾಮಾನ್ಯ, ಇದು ಅದಕ್ಕಿಂತ ಜಾಸ್ತಿ.

ಮೊದಲು ಸರಿಪಡಿಸಬೇಕಾದದ್ದು ನಿದ್ದೆ. ಆರೋಗ್ಯವಂತರ ಮೂಗಿಗೆ ಶೀತದ ವೈರಸ್ ಹಾಕಿ ನೋಡಿದ 2015ರ ಅಮೆರಿಕದ ಅಧ್ಯಯನದಲ್ಲಿ, ಆರು ಗಂಟೆಗಿಂತ ಕಡಿಮೆ ಮಲಗುವವರಿಗೆ ಶೀತ ಹಿಡಿಯುವ ಸಾಧ್ಯತೆ ಏಳು ಗಂಟೆಗಿಂತ ಹೆಚ್ಚು ಮಲಗುವವರಿಗಿಂತ ಸುಮಾರು ನಾಲ್ಕು ಪಟ್ಟು ಇತ್ತು. ನಮ್ಮ ಯುವಕ ಮಲಗುವುದು ಐದೇ ಗಂಟೆ. ಹತ್ತಕ್ಕೆ ಮಲಗಿ ಐದೂವರೆಗೆ ಎದ್ದರೆ ಏಳೂವರೆ ಗಂಟೆ ಸಿಗುತ್ತದೆ. ಉಳಿದ ಓದನ್ನು ಸಂಜೆಯ ಓಟದ ಸಮಯಕ್ಕೆ ವಾರದಲ್ಲಿ ಮೂರು ದಿನ ಹಾಕಿಕೊಂಡು, ಒಂದು ದಿನ ಪೂರ್ತಿ ವಿಶ್ರಾಂತಿ ಕೊಟ್ಟರೆ ಸಾಕು.

ಎರಡನೆಯದು ಊಟ. ಖಾಲಿ ಹೊಟ್ಟೆಯಲ್ಲಿ ದೀರ್ಘ ಕಾಲ ಜೋರಾಗಿ ಓಡಿದಾಗ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನ್ ಹೆಚ್ಚು ಏರುತ್ತದೆ. ಓಟಕ್ಕೆ ಮುಂಚೆ ಒಂದು ಬಾಳೆಹಣ್ಣು, ಮುಗಿದ ಒಂದು ಗಂಟೆಯೊಳಗೆ ಅಕ್ಕಿ ರೊಟ್ಟಿ ಅಥವಾ ಕಡುಬಿನ ಜೊತೆ ಮೊಟ್ಟೆ ಇಲ್ಲವೇ ಕಾಳಿನ ಪಲ್ಯ ಇರಲಿ. ಒಂದು ಗಂಟೆಯೊಳಗಿನ ಓಟಕ್ಕೆ ದುಬಾರಿ ಎನರ್ಜಿ ಡ್ರಿಂಕ್ ಬೇಕಿಲ್ಲ. ತೂಕ ಇಳಿಸಲು ಊಟ ಬಿಡುವುದು ಈ ಸಮಯದಲ್ಲಿ ದೊಡ್ಡ ತಪ್ಪು.

ಮೂರನೆಯದು ಒತ್ತಡ. ಮನಸ್ಸಿನ ಒತ್ತಡ ಹೆಚ್ಚಿದ್ದವರಿಗೆ ಶೀತ ಬೇಗ ಹಿಡಿಯುತ್ತದೆ ಎಂದು ಶೆಲ್ಡನ್ ಕೋಹೆನ್ ತಂಡ 1991ರಲ್ಲೇ ತೋರಿಸಿತ್ತು. ಪರೀಕ್ಷೆಯ ವಾರದಲ್ಲಿ ಓಟದ ದೂರ ಹೆಚ್ಚಿಸಬೇಡಿ. ಎರಡು ಹೊರೆ ಒಟ್ಟಿಗೆ ಹೊರುವುದು ಬೇಡ.

ವಿಟಮಿನ್ ಸಿ ಮಾತ್ರೆ?

ಸಾಮಾನ್ಯ ಜನ ದಿನಾ ನುಂಗಿದರೂ ಶೀತ ಬರುವುದು ತಪ್ಪುವುದಿಲ್ಲ. ಮ್ಯಾರಥಾನ್ ಓಟಗಾರರು, ಚಳಿಪ್ರದೇಶದ ಸೈನಿಕರಂಥ ತೀವ್ರ ಶ್ರಮದವರಲ್ಲಿ ಮಾತ್ರ ಶೀತ ಅರ್ಧದಷ್ಟು ಕಡಿಮೆಯಾದದ್ದು ಕಂಡಿದೆ. ಆದರೆ ಅವು ಸಣ್ಣ ಅಧ್ಯಯನಗಳು. ಒಂದು ಸೀಬೆಹಣ್ಣು ಅಥವಾ ನೆಲ್ಲಿಕಾಯಿಯಲ್ಲೇ ದಿನದ ಅಗತ್ಯ ಸಿಗುತ್ತದೆ.

ಇದು ಶೀತವೇನಾ?

ಮೈದಾನದ ಧೂಳಿಗೆ ಹೋದಾಗಲೆಲ್ಲ ಸೀನು, ಕಣ್ಣು ಮೂಗು ತುರಿಕೆ, ನೀರಿನಂಥ ಸಿಂಬಳ ಬಂದು, ಜ್ವರವಿಲ್ಲದೆ ವಾರಗಟ್ಟಲೆ ಇದ್ದರೆ ಅದು ಅಲರ್ಜಿ ಇರಬಹುದು. ನಿದ್ದೆ, ಊಟ ಸರಿಮಾಡಿದರೂ ಅದು ಹೋಗದು, ವೈದ್ಯರಿಗೆ ತೋರಿಸಿ.

ಓಡಬೇಕೋ ಬಿಡಬೇಕೋ?

ಮೂಗು ಸೋರುವಿಕೆ, ಸಣ್ಣ ಗಂಟಲು ಕೆರೆತದಂತೆ ಕುತ್ತಿಗೆಯ ಮೇಲಿನ ಲಕ್ಷಣ ಮಾತ್ರ ಇದ್ದರೆ ನಿಧಾನವಾಗಿ ಸ್ವಲ್ಪ ಓಡಬಹುದು. ಜ್ವರ, ಮೈಕೈ ನೋವು, ಎದೆಯ ಕೆಮ್ಮು ಇದ್ದರೆ ಓಟ ನಿಲ್ಲಿಸಿ. ವೈರಸ್ ಹೃದಯದ ಸ್ನಾಯುವಿಗೂ ತಗುಲಬಹುದು, ಆಗ ಜೋರಾಗಿ ಓಡುವುದು ಪ್ರಾಣಾಪಾಯ. ಅದರಲ್ಲೂ ನಮ್ಮ ಜಿಲ್ಲೆಯಲ್ಲಿ ಡೆಂಗ್ಯೂ ಇದೆ, 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನ ಬಳಿ ಮೊದಲು ಗುರುತಿಸಿದ ಮಂಗನ ಕಾಯಿಲೆಯೂ ಇದೆ. ಜ್ವರ ಬಂದರೆ "ಓಟದ ಶೀತ" ಎಂದು ಕೂರದೆ ರಕ್ತ ಪರೀಕ್ಷೆ ಮಾಡಿಸಿ.