ಬಣ್ಣದ ದುಡ್ಡು ಯಾರದು? ದುಬೈ ಮನೆ ಖಾಲಿ ಮಾಡಿದ ಲೆಕ್ಕ

1/6
ಮೊದಲ ಫೋಟೋ ನೋಡಿ ಫ್ರೆಂಡ್ಸ್. ಒಂದು ಖಾಲಿ ಗೋಡೆ, ಮೂಲೆಯಲ್ಲಿ ಒಂದು ಸಣ್ಣ ಬಿರುಕು. ಇಂಥ ಫೋಟೋ ಯಾರಾದ್ರೂ ಹಾಕ್ತಾರಾ ಅಂತ ನಗಬೇಡಿ. ದುಬೈನಲ್ಲಿ ನಮ್ಮ ಮನೆ ಕೀ ಸಿಕ್ಕ ದಿನ, ಸಾಮಾನು ಇಳಿಸೋಕೆ ಮುಂಚೆ ತೆಗೆದದ್ದು ಇದು. ಮೂರು ವರ್ಷ ಆದಮೇಲೆ ಖಾಲಿ ಮಾಡಿ ತಿಪಟೂರಿಗೆ ವಾಪಸ್ ಹೊರಟಾಗ ಇದೇ ಫೋಟೋ ನಮ್ಮ ದುಡ್ಡು ಉಳಿಸ್ತು.

ನಮ್ಮ ಬ್ಯಾಚ್‌ನವರು, ಜೂನಿಯರ್ಸ್, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯವರು ಸುಮಾರು ಜನ ಗಲ್ಫ್ ಬಗ್ಗೆ ಕೇಳ್ತಾ ಇರ್ತೀರಿ. ಸಂಬಳ ಎಷ್ಟು, ಬಾಡಿಗೆ ಎಷ್ಟು ಅಂತ. ಬಿಟ್ಟು ಬರುವಾಗ ಏನಾಗುತ್ತೆ ಅಂತ ಯಾರೂ ಕೇಳಲ್ಲ. ಅದಕ್ಕೇ ಈ ಸೀರೀಸ್. ನನಗೆ ಗೊತ್ತಿರೋದು ದುಬೈ ಮಾತ್ರ, ಅಷ್ಟನ್ನೇ ಹೇಳ್ತೀನಿ.

2/6
ನಮ್ಮದು ಒಂದು ಬೆಡ್‌ರೂಮ್, ಫರ್ನಿಚರ್ ಇಲ್ಲದ ಮನೆ. ವರ್ಷದ ಬಾಡಿಗೆ 48,000 ದಿರ್ಹಮ್. ಅಲ್ಲಿ ಡೆಪಾಸಿಟ್ ಸಾಮಾನ್ಯವಾಗಿ ವರ್ಷದ ಬಾಡಿಗೆಯ 5%, ಫರ್ನಿಚರ್ ಇದ್ದರೆ 10%. ನಾವು ಕೊಟ್ಟದ್ದು 2,400.

ಖಾಲಿ ಮಾಡುವ ದಿನ ಓನರ್ ಕಡೆಯಿಂದ ಒಬ್ಬರು ಬಂದರು. ಹತ್ತು ನಿಮಿಷ ಓಡಾಡಿ ಒಂದು ಚೀಟಿ ಕೊಟ್ಟರು: ಪೂರ್ತಿ ಮನೆಗೆ ಪೇಂಟಿಂಗ್ 1,200, ಕ್ಲೀನಿಂಗ್ 450, ಎಸಿ ಸರ್ವಿಸ್ 300. ಒಟ್ಟು 1,950 ಹಿಡಿದು ಕೈಗೆ ಬರೋದು ಬರೀ 450. ನಮ್ಮ ರೂಪಾಯಿಗೆ ಆಗ ಒಂದು ದಿರ್ಹಮ್‌ಗೆ 23ರ ಲೆಕ್ಕ ಹಾಕಿದ್ರೂ ಸುಮಾರು 45 ಸಾವಿರ ಹೋಯ್ತು.

ನಮ್ಮನೆಯವರು ಮೆಲ್ಲಗೆ "ಬಿಡೇ, ಬೆಂಗಳೂರಲ್ಲೂ ಒಂದು ತಿಂಗಳ ಬಾಡಿಗೆ ಬಣ್ಣಕ್ಕೆ ಅಂತ ಹಿಡ್ಕೊಳ್ತಿರಲಿಲ್ವಾ?" ಅಂದರು.

ನನ್ನ ತಕರಾರು ಇರೋದು ಈ ಮಾತಿನ ಮೇಲೇ. ಬೆಂಗಳೂರಿನ ಪದ್ಧತಿಯನ್ನ ನಾವು ಸೂಟ್‌ಕೇಸ್‌ನಲ್ಲಿ ತುಂಬ್ಕೊಂಡು ದುಬೈಗೂ ಹೊತ್ಕೊಂಡು ಹೋಗ್ತೀವಿ. ಹಿಡ್ಕೊಳ್ಳೋರಿಗೂ ಅದು ಗೊತ್ತು.

3/6
ದುಬೈನಲ್ಲಿ ಇದಕ್ಕೆ ಕಾನೂನಿದೆ. 2007ರ 26ನೇ ಕಾನೂನು. ಅದರ 20ನೇ ವಿಧಿ ಪ್ರಕಾರ ಡೆಪಾಸಿಟ್ ಇರೋದು ಮನೆಯ ದುರಸ್ತಿಗೆ, ಒಪ್ಪಂದ ಮುಗಿದಾಗ ಅದನ್ನ ಅಥವಾ ಉಳಿದದ್ದನ್ನ ವಾಪಸ್ ಕೊಡಬೇಕು. 21ನೇ ವಿಧಿ ಪ್ರಕಾರ ಬಾಡಿಗೆದಾರ ಮನೆಯನ್ನ ತಾನು ತಗೊಂಡ ಸ್ಥಿತಿಯಲ್ಲೇ ಬಿಟ್ಟುಕೊಡಬೇಕು, ಆದರೆ ಸಹಜ ಸವೆತ ಅವನ ತಲೆಗೆ ಬರಲ್ಲ.

ಸಹಜ ಸವೆತ ಅಂದ್ರೆ ಏನು? ಮೂರು ವರ್ಷದ ಬಿಸಿಲಿಗೆ ಕಿಟಕಿ ಪಕ್ಕದ ಬಣ್ಣ ಮಾಸೋದು ಸವೆತ. ನಾನು ಮೊಳೆ ಹೊಡೆದು ಮಾಡಿದ ತೂತು ಸವೆತ ಅಲ್ಲ. ನಲ್ಲಿ ಹಳೇದಾಗಿ ಸಡಿಲ ಆಗೋದು ಸವೆತ, ಒಲೆ ಹಿಂದೆ ಒಗ್ಗರಣೆ ಜಿಡ್ಡು ಕಟ್ಟಿರೋದು ನಮ್ಮದೇ ಕೆಲಸ.

ಒಂದು ಎಚ್ಚರಿಕೆ. ಖಾಲಿ ಮಾಡುವಾಗ ಬಣ್ಣ ಬಾಡಿಗೆದಾರನೇ ಹೊಡೆಸಬೇಕು ಅಂತ ಕೆಲವು ಒಪ್ಪಂದದ ಹೆಚ್ಚುವರಿ ಷರತ್ತಲ್ಲಿ ಬರೆದಿರ್ತಾರೆ. ಸಹಿ ಹಾಕಿದ್ದರೆ ಆಮೇಲೆ ವಾದ ಮಾಡೋದು ಕಷ್ಟ. ಆ ಕೊನೇ ಪುಟ ಓದಬೇಕಾದ್ದು ಕೀ ತಗೊಳ್ಳುವ ದಿನ. ನಮ್ಮದರಲ್ಲಿ ಅದು ಇರಲಿಲ್ಲ.

4/6
ಅಪ್ಪ ತಿಪಟೂರು ಎಪಿಎಂಸಿಗೆ ಕೊಬ್ಬರಿ ಹಾಕಿದಾಗ ತೂಕದಲ್ಲಿ ಏನಾದ್ರೂ ಕಳೆದರೆ "ಯಾವ ಲೆಕ್ಕಕ್ಕೆ ಸ್ವಾಮಿ?" ಅಂತ ಕೇಳದೆ ಪಟ್ಟಿ ಕೈಗೆ ತಗೊಳ್ಳಲ್ಲ. ನಾನೂ ಅಷ್ಟೇ ಮಾಡಿದೆ, ಜಗಳ ಆಡಲಿಲ್ಲ. ಹಳೇ ಫೋಟೋ ತೆಗೆದು ಒಂದೊಂದೇ ಗೋಡೆ ತೋರಿಸಿದೆ. ಬಿರುಕು ಮೊದಲೇ ಇತ್ತು, ಬಣ್ಣವೂ ನಾವು ಬಂದಾಗಲೇ ಹೊಸದಲ್ಲ. ಎಸಿ ಸರ್ವಿಸ್ ಎರಡು ತಿಂಗಳ ಹಿಂದೆ ನಾವೇ ಮಾಡಿಸಿದ್ವಿ, ಬಿಲ್ ಇತ್ತು. ಮೊಳೆಯ ಆರು ತೂತು ನಮ್ಮದು, ಜಿಡ್ಡೂ ನಮ್ಮದು ಅಂತ ನಾನೇ ಒಪ್ಪಿಕೊಂಡೆ.

ಕೊನೆಗೆ ತೂತು ಮುಚ್ಚಿ ಟಚಪ್ ಮಾಡೋಕೆ 200, ಕ್ಲೀನಿಂಗ್‌ಗೆ 350. ಕಳೆದದ್ದು 550, ಬಂದದ್ದು 1,850. ಕ್ಲೀನಿಂಗ್ ನಾವೇ ಮೊದಲು ಮಾಡಿಸಿ ಬಿಲ್ ಇಟ್ಕೊಂಡಿದ್ರೆ ಇನ್ನೂ ಕಮ್ಮಿ ಆಗ್ತಿತ್ತು, ಅದು ನನ್ನ ತಪ್ಪು.

ನಿಮ್ಮದನ್ನ ನೀವು ಒಪ್ಪಿಕೊಂಡರೆ ನಿಮ್ಮದಲ್ಲದ್ದನ್ನ ಬೇಡ ಅನ್ನೋ ಮಾತಿಗೆ ತೂಕ ಬರುತ್ತೆ.

5/6
ಈಗ ಕರೆಂಟು, ನೀರು. ಎರಡೂ ಬರೋದು ದೇವಾದಿಂದ, ಅಂದ್ರೆ ದುಬೈ ವಿದ್ಯುತ್ ಮತ್ತು ನೀರು ಪ್ರಾಧಿಕಾರ. ಫ್ಲಾಟ್‌ಗೆ ಅದರ ಡೆಪಾಸಿಟ್ 2,000. ಇದು ಓನರ್ ಹತ್ರ ಇರಲ್ಲ, ದೇವಾ ಹತ್ರ ಇರುತ್ತೆ. ಮನೆ ಬಿಡ್ತೀವಿ ಅಂತ ಅವರ ಆ್ಯಪ್‌ನಲ್ಲಿ ನೀವೇ ಅರ್ಜಿ ಹಾಕಬೇಕು. ಆಮೇಲೆ ಕೊನೇ ರೀಡಿಂಗ್, ಕೊನೇ ಬಿಲ್, ಬಾಕಿ ಕಳೆದು ಉಳಿದದ್ದು ವಾಪಸ್.

ನಮ್ಮ ಕೊನೇ ಬಿಲ್ 412 ಬಂತು. ಇಷ್ಟ್ಯಾಕೆ ಅಂತ ಗಾಬರಿ ಆಯ್ತು. ನೋಡಿದ್ರೆ ಅದರಲ್ಲಿ 200 ಹೌಸಿಂಗ್ ಫೀ. ವರ್ಷದ ಬಾಡಿಗೆಯ 5%, ಅಂದ್ರೆ ನಮಗೆ 2,400, ಹನ್ನೆರಡು ಭಾಗ ಆಗಿ ಇದೇ ಬಿಲ್‌ನಲ್ಲಿ ಬರುತ್ತೆ. 412 ಕಳೆದು 1,588 ಬಂತು.

ಅರ್ಜಿ ಹಾಕದೆ ವಿಮಾನ ಹತ್ತಿದರೆ ಖಾತೆ ನಿಮ್ಮ ಹೆಸರಲ್ಲೇ ಓಡ್ತಾ ಇರುತ್ತೆ, ಬಿಲ್ ಡೆಪಾಸಿಟ್ ತಿನ್ನುತ್ತೆ. ಕೆಲವು ಕಟ್ಟಡಗಳಲ್ಲಿ ತಂಪು ಗಾಳಿ ಬೇರೆ ಕಂಪನಿಯದು. ಅದಕ್ಕೆ ಬೇರೆ ಡೆಪಾಸಿಟ್, ಬೇರೆ ಕೊನೇ ಬಿಲ್. ಕೊನೇ ಬಿಲ್ ಕಟ್ಟಿದ ರಸೀದಿ ಇಲ್ಲದೆ ಓನರ್ ಡೆಪಾಸಿಟ್ ಕೊಡಲ್ಲ ಅಂತಾರೆ, ಅದು ನ್ಯಾಯವೇ.

ಬ್ಯಾಂಕ್ ಅಕೌಂಟ್ ಎಲ್ಲಕ್ಕಿಂತ ಕೊನೆಗೆ ಮುಚ್ಚಿ. ಈ ದುಡ್ಡೆಲ್ಲ ಬರೋದು ಅದಕ್ಕೇ. ಬಾಡಿಗೆಗೆ ಮುಂದಿನ ತಾರೀಖಿನ ಚೆಕ್ ಕೊಟ್ಟು ವರ್ಷದ ಮಧ್ಯದಲ್ಲಿ ಬಿಡ್ತಿದ್ದರೆ ಉಳಿದ ಚೆಕ್‌ಗಳನ್ನ ಕೈಗೆ ವಾಪಸ್ ತಗೊಳ್ಳಿ. ಮಧ್ಯದಲ್ಲಿ ಬಿಟ್ಟರೆ ಎಷ್ಟು ದಂಡ ಅಂತಲೂ ಒಪ್ಪಂದದಲ್ಲೇ ಇರುತ್ತೆ, ಎಷ್ಟೋ ಕಡೆ ಎರಡು ತಿಂಗಳ ಬಾಡಿಗೆ.

6/6
ಕೊಡಲ್ಲ ಅಂತ ಕೂತರೆ? ದುಬೈನಲ್ಲಿ ಬಾಡಿಗೆ ವಿವಾದ ಕೇಂದ್ರ ಅಂತಲೇ ಇದೆ, 2013ರಲ್ಲಿ ಆದದ್ದು. ಆದ್ರೆ ಕೇಸ್ ಹಾಕೋಕೆ ಕನಿಷ್ಠ 500 ದಿರ್ಹಮ್ ಫೀ. 1,950ಕ್ಕೋಸ್ಕರ ಅಷ್ಟು ಕಟ್ಟಿ, ಊರಲ್ಲಿ ಕೂತು ಕೇಸ್ ನಡೆಸೋದು ಆಗದ ಮಾತು. ಈ ಲೆಕ್ಕ ಅವರಿಗೂ ಗೊತ್ತು. ಅದಕ್ಕೇ ಕೀ ಕೊಡೋದನ್ನ ವಿಮಾನದ ಹಿಂದಿನ ದಿನಕ್ಕೆ ಇಟ್ಕೋಬೇಡಿ. ಎರಡು ವಾರ ಮುಂಚೆ ಮನೆ ತೋರಿಸಿ, ಏನೇನು ಹಿಡೀತೀರಿ ಅಂತ ಮೆಸೇಜ್‌ನಲ್ಲಿ ಬರೆಸ್ಕೊಳ್ಳಿ. ಆಗ ಕೇಂದ್ರಕ್ಕೆ ಹೋಗ್ತೀನಿ ಅಂದ್ರೆ ಅವರೂ ಕೇಳಿಸ್ಕೊಳ್ತಾರೆ.

ಮೊದಲ ಸಲ ಹೋಗುವ ತಮ್ಮಂದಿರಿಗೆ ಒಂದು ಮಾತು. ನೀವು ಶುರುವಲ್ಲಿ ಬೆಡ್‌ಸ್ಪೇಸ್‌ನಲ್ಲಿ ಇರ್ತೀರಿ. ಬಾಡಿಗೆ ಒಪ್ಪಂದದ ನೋಂದಣಿ, ಅಂದ್ರೆ ಇಜಾರಿ, ಬೇರೆಯವರ ಹೆಸರಲ್ಲಿ ಇರುತ್ತೆ. ನಾನು ಹೇಳಿದ ಕಾನೂನಿನ ಬಲ ಆಗ ನಿಮಗೆ ಅಷ್ಟಾಗಿ ಸಿಗಲ್ಲ. ಡೆಪಾಸಿಟ್ ಕೊಟ್ಟದ್ದಕ್ಕೆ, ಅದು ಎಂದು ವಾಪಸ್ ಅನ್ನೋದಕ್ಕೆ ವಾಟ್ಸಾಪ್‌ನಲ್ಲಾದ್ರೂ ಒಂದು ಸಾಲು ಬರೆಸ್ಕೊಳ್ಳಿ. ನಮ್ಮೂರವನೇ ಆದ್ರೂ ಸರಿ.

ಕೊನೇ ಫೋಟೋ ಅದೇ ಗೋಡೆ, ಮೂರು ವರ್ಷ ಆದಮೇಲೆ. ಬಿರುಕು ಅಲ್ಲೇ ಇದೆ. ಅದರ ದುಡ್ಡು ನಾವು ಕೊಡಲಿಲ್ಲ.

ಹೊರಡ್ತಿರೋ ಫ್ರೆಂಡ್‌ಗೆ ಶೇರ್ ಮಾಡಿ. ಬೆಂಗಳೂರಲ್ಲಿ ಬಣ್ಣಕ್ಕೆ ಎಷ್ಟು ಹಿಡಿದ್ರು ಅಂತ ಕಾಮೆಂಟ್‌ನಲ್ಲಿ ಹೇಳಿ, ಅದರ ಬಗ್ಗೆನೂ ಒಂದು ಸೀರೀಸ್ ಬೇಕು.

#ತಿಪಟೂರು #ತುರುವೇಕೆರೆ #ಚಿಕ್ಕನಾಯಕನಹಳ್ಳಿ #ದುಬೈಕನ್ನಡಿಗರು #ಬಾಡಿಗೆಮನೆ