ಬಲೂನ್ ಆಯಿತು, ಮಾತ್ರೆ ನಿಲ್ಲಿಸಬಹುದೇ?



"ಬಲೂನ್ ಹಾಕಿ ಕವಾಟ ತೆಗೆದಾಯ್ತಲ್ಲ, ಇನ್ನೂ ಯಾಕೆ ಮಾತ್ರೆ?" ಎಂದು ಕೇಳುವವರು ಬಹಳ. ನಾಡಿ ಏರುಪೇರಾಗಿದ್ದವರು ಹೀಗೆ ಮಾತ್ರೆ ಬಿಡುವುದು ಅಪಾಯ ಎಂದು ನನ್ನ ಖಚಿತ ಅಭಿಪ್ರಾಯ. ಕಾರಣ ಓದಿ.

ಒಂದು ಉದಾಹರಣೆ ತೆಗೆದುಕೊಳ್ಳಿ. ಪುಣೆಯಲ್ಲಿರುವ 38 ವರ್ಷದ ಗೃಹಿಣಿ. ಚಿಕ್ಕಂದಿನಲ್ಲಿ ಗಂಟಲು ನೋವು, ಹಿಂದೆಯೇ ಕೀಲು ಬಾವಿನ ರುಮ್ಯಾಟಿಕ್ ಜ್ವರ ಬಂದಿತ್ತು. ಈಗ ಎರಡು ಮಹಡಿ ಹತ್ತಿದರೆ ಏದುಸಿರು, ಮಲಗಲು ಎರಡು ದಿಂಬು ಬೇಕು. ಮನೆಯವರು "ರಕ್ತ ಕಡಿಮೆ" ಎಂದುಕೊಂಡರು. ಈ ಕಾಯಿಲೆಯ ಮರ್ಮರ ಶಬ್ದ ಬಹಳ ಮೆತ್ತಗೆ, ದೂರದ ಗುಡುಗಿನ ಹಾಗೆ. ಎಡಮಗ್ಗುಲಿಗೆ ಮಲಗಿಸಿ, ಎದೆಯ ಎಡಭಾಗದಲ್ಲಿ ಸ್ಟೆತಾಸ್ಕೋಪಿನ ಗಂಟೆಯಾಕಾರದ ಬದಿಯನ್ನು ಹಗುರಾಗಿಟ್ಟರೆ ಕೇಳುತ್ತದೆ. ಅವಸರದಲ್ಲಿ ತಪ್ಪಿಹೋಗುತ್ತದೆ. ಎಕೋ ಮಾಡಿದಾಗ ಗೊತ್ತಾಯಿತು: 4ರಿಂದ 6 ಚದರ ಸೆಂಟಿಮೀಟರ್ ಇರಬೇಕಾದ ಮೈಟ್ರಲ್ ಕವಾಟದ ಬಾಯಿ 0.9ಕ್ಕೆ ಇಳಿದಿದೆ. ನಾಡಿಯೂ ಏರುಪೇರು.

ನಾಡಿ ಯಾಕೆ ಕೆಟ್ಟಿತು? ಬಾಗಿಲು ಕಿರಿದಾದಾಗ ರಕ್ತ ಹಿಂದಿನ ಕೋಣೆಯಲ್ಲಿ, ಅಂದರೆ ಎಡ ಹೃತ್ಕರ್ಣದಲ್ಲಿ ನಿಲ್ಲುತ್ತದೆ. ವರ್ಷಗಟ್ಟಲೆ ಒತ್ತಡ ತಡೆದು ಆ ಕೋಣೆ ಹಿಗ್ಗುತ್ತದೆ, ಅದರ ಗೋಡೆಯಲ್ಲಿ ಗಾಯದ ಕಲೆಯಂಥ ನಾರು ಬೆಳೆಯುತ್ತದೆ. ವಿದ್ಯುತ್ ಸಂಕೇತ ನೇರ ಹರಿಯದೆ ಚದುರುತ್ತದೆ. ಕೋಣೆ ಬಡಿಯುವ ಬದಲು ನಡುಗುತ್ತದೆ. ಇದೇ ಏಟ್ರಿಯಲ್ ಫಿಬ್ರಿಲೇಶನ್.

ಇದರಿಂದ ಎರಡು ತೊಂದರೆ. ಮೊದಲನೆಯದು, ನಾಡಿ 70 ಇದ್ದಾಗ ಕಿರಿದಾದ ಬಾಗಿಲಿನಿಂದ ರಕ್ತ ಇಳಿಯಲು ಪ್ರತಿ ಬಡಿತಕ್ಕೆ ಸುಮಾರು ಅರ್ಧ ಸೆಕೆಂಡ್ ಸಿಗುತ್ತದೆ. 140 ಆದರೆ ಅದರ ಅರ್ಧವೂ ಸಿಗದು. ಆಗ ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರು ಕಟ್ಟುತ್ತದೆ. ಎರಡನೆಯದು, ನಿಂತ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋದರೆ ಪಾರ್ಶ್ವವಾಯು.

ಬಲೂನ್ ಚಿಕಿತ್ಸೆಯಲ್ಲಿ ತೊಡೆಸಂದಿನ ರಕ್ತನಾಳದಿಂದ ತಂತಿ ಏರಿಸಿ, ಹೃತ್ಕರ್ಣಗಳ ನಡುಗೋಡೆ ಚುಚ್ಚಿ, ಕವಾಟದಲ್ಲಿ ಬಲೂನ್ ಉಬ್ಬಿಸುತ್ತಾರೆ. ಅಂಟಿಕೊಂಡ ಅಂಚುಗಳು ಬಿಡುತ್ತವೆ. ಮೊದಲೇ ಹೆಪ್ಪು ಇದ್ದರೆ, ಕವಾಟ ಸೋರುತ್ತಿದ್ದರೆ ಅಥವಾ ಸುಣ್ಣಗಟ್ಟಿದ್ದರೆ ಸಾಮಾನ್ಯವಾಗಿ ಇದು ಆಗದು. ಈ ಗೃಹಿಣಿಗೆ ಬಾಗಿಲು 1.7ಕ್ಕೆ ತೆರೆಯಿತು, ಉಸಿರು ಹಗುರಾಯಿತು. ಆದರೆ ಬಲೂನ್ ಸರಿಮಾಡಿದ್ದು ಬಾಗಿಲನ್ನು ಮಾತ್ರ. ಹಿಗ್ಗಿದ ಕೋಣೆಯ ಗೋಡೆ ಹಾಗೆಯೇ ಇದೆ, ನಡುಕವೂ ಇದೆ, ಹೆಪ್ಪಿನ ಭಯವೂ ಇದೆ.

ಆದ್ದರಿಂದ ರಕ್ತ ತೆಳುವಾಗಿಸುವ ವಾರ್ಫರಿನ್ ಅಥವಾ ಅಸಿಟ್ರಾಮ್‌ನಂಥ ಮಾತ್ರೆ ಮುಂದುವರಿಯಲೇಬೇಕು, ಐಎನ್‌ಆರ್ ಸಾಮಾನ್ಯವಾಗಿ 2ರಿಂದ 3ರ ನಡುವೆ ಇರಬೇಕು. ರಕ್ತಪರೀಕ್ಷೆ ಬೇಡದ ಹೊಸ ಮಾತ್ರೆಗೆ ನೀವಾಗಿಯೇ ಬದಲಾಗಬೇಡಿ. 2022ರ ಇನ್ವಿಕ್ಟಸ್ ಅಧ್ಯಯನದಲ್ಲಿ ಇಂಥ ರೋಗಿಗಳಿಗೆ ಹಳೆಯ ಮಾತ್ರೆಯೇ ಮೇಲಾಗಿ ಕಂಡಿತು. ಗರ್ಭ ಧರಿಸುವ ಯೋಚನೆ ಇದ್ದರೆ ಮೊದಲೇ ವೈದ್ಯರಿಗೆ ಹೇಳಿ.

ಊರಿಗೆ ಹೋಗುವಾಗ, ಊರು ಬದಲಿಸುವಾಗ ಎಕೋ ವರದಿ ಮತ್ತು ಐಎನ್‌ಆರ್ ಚೀಟಿ ಜೊತೆಗಿರಲಿ. ಬಾಯಿ ಸೊಟ್ಟಗಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಹೊರಡಿ.