ಸೇಲ್ಸ್‌ಮನ್‌ನ ಬೈಬೇಡಿ, ಕಮಿಷನ್ ಲೆಕ್ಕ ನೋಡಿ

ಸೇಲ್ಸ್‌ಮನ್ ಒತ್ತಾಯ ಮಾಡಿ ಬಣ್ಣ ಬಿಡೋ ಸೀರೆ ಕಟ್ಟಿಸಿಬಿಟ್ಟ ಅಂತ ಬೈತೀವಲ್ಲ, ಬೈಬೇಕಾದ್ದು ಗಲ್ಲಾದಲ್ಲಿ ಕೂತಿರೋ ಮಾಲೀಕರನ್ನ. ಬಿಲ್ ಆದ ತಕ್ಷಣ ಕಮಿಷನ್ ಪೂರ್ತಿ ಕೈಗೆ ಬರುತ್ತೆ ಅಂದ್ಮೇಲೆ ಅವನು ನಿಜ ಯಾಕೆ ಹೇಳ್ತಾನೆ?

ಹತ್ತು ಸಾವಿರದ ಸೀರೆಗೆ 100 ರೂಪಾಯಿ ಕಮಿಷನ್ ಅಂತಿಟ್ಕೊಳ್ಳಿ. 60 ರೂಪಾಯಿ ಈ ತಿಂಗಳ ಸಂಬಳದ ಜೊತೆಗೇ ಹೋಗಲಿ. ಉಳಿದದ್ದು, ಆ ಗಿರಾಕಿ ಒಂದು ವರ್ಷದೊಳಗೆ ಮತ್ತೆ ಬಂದು ಕೊಂಡಾಗ. ಇಲ್ಲೇ ಮಾಲೀಕರು ಜಾಣತನ ತೋರಿಸೋದು: ಆ ‘ಉಳಿದದ್ದು’ 40 ಅಂತ ಬರೆದುಬಿಡ್ತಾರೆ. ಹಳೇ ಬಿಲ್ ತೆಗೆದು ನೋಡಿದಾಗ ಹತ್ತು ಜನರಲ್ಲಿ ನಾಲ್ವರು ಮಾತ್ರ ವಾಪಸ್ ಬಂದಿದ್ದರೆ, ತಡೆಹಿಡಿದ 400 ರೂಪಾಯಿಯಲ್ಲಿ ಹುಡುಗನಿಗೆ ಸಿಗೋದು 160. ಇದು ಪ್ರೋತ್ಸಾಹ ಅಲ್ಲ, ಸಂಬಳ ಕಡಿತ. ಮರಳಿ ಬಂದ ಪ್ರತಿ ಗಿರಾಕಿಗೆ 100 ಕೊಟ್ಟರೆ ಮಾತ್ರ ಲೆಕ್ಕ ಸರಿಹೋಗುತ್ತೆ. ಐದನೆಯವರು ಬಂದರೆ ಅದು ಅವನ ನಿಜವಾದ ಲಾಭ.

ಮೋಸ ಆಗಲ್ವಾ? ಆಗುತ್ತೆ. ಒಂದೇ ಖರೀದಿಯನ್ನ ಎರಡು ಬಿಲ್ ಮಾಡ್ತಾರೆ, ತಮ್ಮದೇ ಫೋನ್ ನಂಬರ್ ಹಾಕ್ತಾರೆ. ಹದಿನೈದು ದಿನದ ಅಂತರ ಇಲ್ಲದ ಭೇಟಿ ಲೆಕ್ಕಕ್ಕಿಲ್ಲ ಅನ್ನಿ. ಒಂದೇ ನಂಬರಿಗೆ ರಾಶಿ ಬಿಲ್ ಬಿದ್ದಿದ್ದರೆ ತಿಂಗಳಿಗೊಮ್ಮೆ ಕಣ್ಣಾಡಿಸಿದರೂ ಗೊತ್ತಾಗುತ್ತೆ. ಎರಡನೇ ಸಲ ಬೇರೆಯವನು ಸೀರೆ ತೋರಿಸಿದರೆ ಅವನ 60 ಅವನಿಗೆ, ಮೊದಲನೆಯವನ 100 ಮೊದಲನೆಯವನಿಗೆ. ಇಲ್ಲದಿದ್ದರೆ ಬಾಗಿಲಲ್ಲೇ ಗಿರಾಕಿಗಾಗಿ ಜಗಳ. ಕೆಲಸ ಬಿಟ್ಟು ಹೋದವನ ಬಾಕಿಯನ್ನೂ ಕೊಡಬೇಕು, ನುಂಗೋದಲ್ಲ.

“ಇಷ್ಟಕ್ಕೆಲ್ಲ ಸಾಫ್ಟ್‌ವೇರ್ ಎಲ್ಲಿದೆ ಸಾರ್?” ಅಂತಾರೆ. ಹಬ್ಬದ ಆಫರ್ ಮೆಸೇಜ್ ಕಳಿಸೋಕೆ ನಮ್ಮ ನಂಬರ್ ಸಿಗುತ್ತೆ, ಹುಡುಗನ ಕಮಿಷನ್ ಲೆಕ್ಕ ಹಾಕೋಕೆ ಮಾತ್ರ ಸಿಗಲ್ವಾ?